ಒಂದು ತರಗತಿಗೆ ಆರ್‌ಎಫ್‌ಐಡಿ ಹಾಜರಿ: ಯೋಜನೆ ಬರೆದ ನನ್ನ ಅನುಭವ

ಕುಂಬಳೆ ಹತ್ತಿರದ ನಮ್ಮ ಕನ್ನಡ ಮಾಧ್ಯಮ ಶಾಲೆಯ ಒಂದು ತರಗತಿಗೆ, ಕಾರ್ಡ್ ತೋರಿಸಿದರೆ ಹಾಜರಿ ಬೀಳುವ ಪೆಟ್ಟಿಗೆ ಬೇಕೆಂದು ಪಿಟಿಎಗೆ ಯೋಜನೆ ಬರೆದುಕೊಟ್ಟೆ. ಮಕ್ಕಳು 40. ಬರೆಯುವ ಮೊದಲು ಒಂದು ಮಾದರಿ ಕಟ್ಟಿ ನೋಡಿದ್ದು ಒಳ್ಳೆಯದಾಯಿತು. ಪಟ್ಟಿಯ ಒಂದು ಸಾಮಾನು ಅಲ್ಲೇ ಬಿದ್ದುಹೋಯಿತು.

ಮೊದಲಿಗೆ ಹಾಜರಿ ಉಳಿಸಲು ಎಸ್‌ಡಿ ಕಾರ್ಡ್ ಮಾಡ್ಯೂಲ್ ಇಟ್ಟಿದ್ದೆ. ಪೆಟ್ಟಿಗೆಯನ್ನು ನಡೆಸುವ ಇಎಸ್‌ಪಿ32 ಬೋರ್ಡಿನ ಅದೇ ಎಸ್‌ಪಿಐ ತಂತಿಗಳಿಗೆ ಮಕ್ಕಳ ಕಾರ್ಡ್ ಓದುವ ಆರ್‌ಸಿ522 ರೀಡರನ್ನೂ ಜೋಡಿಸಿದೆ. ಒಂದೊಂದನ್ನೇ ಇಟ್ಟರೆ ಎರಡೂ ಸರಿ. ಒಟ್ಟಿಗೆ ಇಟ್ಟರೆ ರೀಡರ್ ಮಾತೇ ಆಡುತ್ತಿರಲಿಲ್ಲ. ರೀಡರೇ ಹಾಳಾಯಿತು ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಈ ಎರಡು ಸಾಲಿನಿಂದ ವಿಷಯ ತಿಳಿಯಿತು:

```
byte v = mfrc522.PCD_ReadRegister(MFRC522::VersionReg);
Serial.println(v, HEX);
```

`91` ಅಥವಾ `92` ಬಂದರೆ ರೀಡರ್ ಸಿಕ್ಕಿದೆ ಎಂದರ್ಥ. ನನಗೆ `0` ಬರುತ್ತಿತ್ತು. ಎಸ್‌ಡಿ ಮಾಡ್ಯೂಲ್ ಕಿತ್ತ ಕೂಡಲೇ `92` ಬಂತು. ಅಗ್ಗದ ಎಸ್‌ಡಿ ಮಾಡ್ಯೂಲ್‌ಗಳಲ್ಲಿ ಕೆಲವು ತಮ್ಮ ಸರದಿ ಮುಗಿದರೂ, ಬೋರ್ಡಿಗೆ ಉತ್ತರ ಹೋಗುವ ಎಂಐಎಸ್‌ಒ ತಂತಿಯನ್ನು ಬಿಟ್ಟುಕೊಡುವುದಿಲ್ಲ. ಆಗ ರೀಡರಿನ ಉತ್ತರ ಬೋರ್ಡಿಗೆ ತಲುಪುವುದಿಲ್ಲ.

ಹಾಗಾದರೆ ಎಸ್‌ಡಿ ಬೇಕೇ ಬೇಕಾ ಅಂತ ಲೆಕ್ಕ ಹಾಕಿದೆ. ತಾರೀಕು, ಸಮಯ, ಕಾರ್ಡ್ ನಂಬರ್ ಸೇರಿ ಒಂದು ಸಾಲಿಗೆ 30 ಬೈಟ್. 40 ಮಕ್ಕಳು ದಿನಕ್ಕೆ ಎರಡು ಸಲ ತೋರಿಸಿದರೆ 2,400 ಬೈಟ್. 200 ದಿನಕ್ಕೆ ಸುಮಾರು 480 ಕೆಬಿ. 4 ಎಂಬಿ ಮೆಮೊರಿ ಇರುವ ಬೋರ್ಡಿನಲ್ಲಿ ಮಾಮೂಲಿ ಹಂಚಿಕೆಯಲ್ಲೇ ಫೈಲುಗಳಿಗೆ ಸುಮಾರು 1.5 ಎಂಬಿ ಜಾಗ ಇರುತ್ತದೆ. ಇಡೀ ವರ್ಷಕ್ಕೆ ಧಾರಾಳ ಸಾಕು, ಅಲ್ವಾ? ಬೋರ್ಡೇ ಒಂದು ವೈಫೈ ತೆರೆಯುತ್ತದೆ, ತಿಂಗಳಿಗೊಮ್ಮೆ ಫೋನಿಗೆ ಫೈಲ್ ಇಳಿಸಿಕೊಳ್ಳುತ್ತೇನೆ. ಬೋರ್ಡನ್ನು ಪೂರ್ತಿ ಅಳಿಸಿ ಹೊಸ ಪ್ರೋಗ್ರಾಂ ಹಾಕಿದರೆ ಹಾಜರಿಯೂ ಹೋಗುತ್ತದೆ. ಅದಕ್ಕೇ ಮೊದಲು ಫೈಲ್ ಇಳಿಸಿಕೊಳ್ಳಲೇಬೇಕು.

ಗಡಿಯಾರದ ಡಿಎಸ್3231 ಮಾತ್ರ ಬಿಡಲಿಲ್ಲ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ಇಂಟರ್ನೆಟ್ಟೂ ಹೋಗುತ್ತದೆ. ಇದರ ಸಣ್ಣ ಸೆಲ್ ಇದ್ದರೆ ಸಮಯ ತಪ್ಪುವುದಿಲ್ಲ.

ನಾನು ಬರೆದ ಬಜೆಟ್ ಇದು. ಬೋರ್ಡ್ 400, ರೀಡರ್ 120, ಗಡಿಯಾರ 150, ಎಲ್‌ಸಿಡಿ 200, ಬಜರ್ 20, ತಂತಿ ಮತ್ತು ಬೆಸುಗೆ ಬೋರ್ಡ್ 120, 5 ವೋಲ್ಟ್ ಅಡಾಪ್ಟರ್ 150, ಪ್ಲಾಸ್ಟಿಕ್ ಡಬ್ಬಿ 150. ಕಾರ್ಡ್ 15 ರೂಪಾಯಿಯಂತೆ 42ಕ್ಕೆ 630. ಒಟ್ಟು 1,940. ಕಳೆಯುವ ಕಾರ್ಡು, ಸುಡುವ ರೀಡರಿಗೆಂದು ಇನ್ನೊಂದು 200. ರೀಡರಿಗೆ 3.3 ವೋಲ್ಟೇ ಕೊಡಬೇಕು, 5 ಕೊಟ್ಟರೆ ಸುಡಬಹುದು.

ಡಬ್ಬಿಯನ್ನು ಮೊದಲು ಕಬ್ಬಿಣದ ಕಪಾಟಿಗೆ ಅಂಟಿಸಿದ್ದೆ. ಮೂರು ಸೆಂಟಿಮೀಟರಿನಿಂದ ಓದುತ್ತಿದ್ದ ಕಾರ್ಡು ಮುಟ್ಟಿಸಿದರೂ ಓದಲಿಲ್ಲ. ಈಗ ಮರದ ಬಾಗಿಲ ಚೌಕಟ್ಟಿನಲ್ಲಿದೆ.

"ಹಾಜರಿ ಪುಸ್ತಕ ಇನ್ನು ಬೇಡವಾ?" ಅಂತ ಹೆಡ್‌ ಮಾಷ್ಟ್ರು ಕೇಳಿದರು. ಬೇಕು ಅಂದೆ. ಕಾರ್ಡು ಬಂತು ಅಂದರೆ ಮಗು ಬಂತು ಅಂತ ಅಲ್ಲ, ಗೆಳೆಯನ ಕಾರ್ಡನ್ನೂ ತೋರಿಸಬಹುದು. ಮೊದಲ ಟರ್ಮ್ ಪೂರ್ತಿ ಎರಡನ್ನೂ ಇಟ್ಟು ದಿನಾ ತಾಳೆ ನೋಡಬೇಕು ಅಂತ ಯೋಜನೆಯಲ್ಲೇ ಬರೆದಿದ್ದೇನೆ.