ಎರಡು ಮುಳ್ಳು, ಒಂದು ಮೈನಸ್: ಮೂರು ಫೇಸ್ ಮೋಟಾರಿನ ಪವರ್ ಫ್ಯಾಕ್ಟರ್ ಅಳೆಯುವುದು ಹೇಗೆ?

ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಅಥಣಿ ಕಡೆಯವರೊಬ್ಬರು ಸಣ್ಣ ಶೆಡ್ ನಡೆಸುತ್ತಾರೆ. ಅಲ್ಲಿನ ಏಳೂವರೆ ಎಚ್‌ಪಿ ಮೋಟಾರನ್ನು ಯಾರೋ ಖಾಲಿ ಓಡಿಸಿ ಪರೀಕ್ಷಿಸಿ, 'ಪವರ್ ಫ್ಯಾಕ್ಟರ್ 0.91, ಕೆಪಾಸಿಟರ್ ಬೇಡ' ಎಂದು ಚೀಟಿ ಬರೆದುಕೊಟ್ಟಿದ್ದರು. ಶೆಡ್ಡಿನವರಿಗೆ ಅದು ಮನಸ್ಸಿಗೆ ಒಪ್ಪಿಗೆಯಾಗಿರಲಿಲ್ಲ. 'ಸರ್, ಕೆಲಸವೇ ಇಲ್ಲದೆ ಓಡುವಾಗಲೂ ಐದು ಆಂಪಿಯರ್ ಎಳೆಯುತ್ತದಲ್ಲ, ಅದು ಹೇಗೆ?' ಎಂದು ಕೇಳಿದರು. ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾದ ಕೆಲಸಕ್ಕೆ ಬರುತ್ತದೆ ಎಂದು ಹೇಳುವುದೇ ಪವರ್ ಫ್ಯಾಕ್ಟರ್. ಅವರ ಅನುಮಾನ ಸರಿಯಾಗಿತ್ತು. ಚೀಟಿಯಲ್ಲಿ ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ಅದೇ ಮೋಟಾರಿನ ಮೇಲೆ ಎರಡು ವ್ಯಾಟ್‌ಮೀಟರ್ ಇಟ್ಟು ಅಳೆದ ಬಗೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲು, ಮೂರು ಫೇಸಿಗೆ ಎರಡೇ ಮೀಟರ್ ಸಾಲುವುದು ಏಕೆ? ಮೋಟಾರಿಗೆ ಹೋಗುವುದು ಮೂರೇ ತಂತಿ, ನ್ಯೂಟ್ರಲ್ ಇಲ್ಲ. ಎರಡು ತಂತಿಯಲ್ಲಿ ಹೋದ ಕರೆಂಟು ಮೂರನೆಯದರಲ್ಲಿ ಮರಳಲೇಬೇಕು. ಹಾಗಾಗಿ ಮೂರನೆಯ ತಂತಿಯನ್ನು ಮರಳುವ ದಾರಿಯೆಂದು ಇಟ್ಟುಕೊಂಡು ಉಳಿದೆರಡರಲ್ಲಿ ಅಳೆದರೆ ಒಟ್ಟು ಪವರ್ ಸಿಗುತ್ತದೆ. 1893ರಲ್ಲಿ ಫ್ರಾನ್ಸಿನ ಆಂದ್ರೆ ಬ್ಲಾಂಡೆಲ್ ತೋರಿಸಿಕೊಟ್ಟ ಸೂತ್ರವಿದು. ನ್ಯೂಟ್ರಲ್‌ನಲ್ಲಿ ಕರೆಂಟು ಹರಿಯುವ ನಾಲ್ಕು ತಂತಿಯ ಲೋಡಿಗೆ ಈ ವಿಧಾನ ಸಲ್ಲದು.

ಜೋಡಿಸುವಾಗ ಸಪ್ಲೈ ಬಂದ್ ಇರಬೇಕು. ಇದು 415 ವೋಲ್ಟಿನ ಲೈನು. ಕೆಲಸ ಬಲ್ಲವರು ಜೊತೆಗಿರಬೇಕು. ಪ್ರತಿ ಮೀಟರಿನಲ್ಲಿ M, L, C, V ಎಂಬ ನಾಲ್ಕು ಗುರುತುಗಳಿರುತ್ತವೆ. M, L ಕರೆಂಟ್ ಕಾಯಿಲ್‌ನ ತುದಿಗಳು; C, V ವೋಲ್ಟೇಜ್ ನೋಡುವ, ಮುಳ್ಳಿನ ಜೊತೆ ತಿರುಗುವ ಕಾಯಿಲ್‌ನ ಕಡೆಯವು. ಒಂದು ಮೀಟರಿನ M ಮತ್ತು L ಕೆಂಪು ಫೇಸಿನ ನಡುವೆ ಬರಬೇಕು: M ಸಪ್ಲೈ ಕಡೆಗೆ, L ಮೋಟಾರಿನ ಕಡೆಗೆ. ಇನ್ನೊಂದನ್ನು ನೀಲಿ ಫೇಸಿನಲ್ಲಿ ಹಾಗೆಯೇ ಜೋಡಿಸಿ. ಎರಡರಲ್ಲೂ C ಅನ್ನು ಅದರದೇ M ಗೆ ಸೇರಿಸಿ, V ಅನ್ನು ಹಳದಿ ಫೇಸಿಗೆ ಕೊಡಿ. ಆಮೇಲೆ ಕ್ಲ್ಯಾಂಪ್ ಮೀಟರಿನಿಂದ ಮೂರೂ ಫೇಸಿನ ಕರೆಂಟು ನೋಡಿಕೊಳ್ಳಿ. ಮೂರೂ ಹೆಚ್ಚುಕಡಿಮೆ ಒಂದೇ ಇರಬೇಕು. ಅಸಮವಾಗಿದ್ದರೆ ಒಟ್ಟು ಪವರ್ ಸರಿಯಾಗಿಯೇ ಸಿಗುತ್ತದೆ, ಆದರೆ ಮುಂದೆ ಹೇಳುವ ಪವರ್ ಫ್ಯಾಕ್ಟರ್ ಲೆಕ್ಕವನ್ನು ನಂಬುವಂತಿಲ್ಲ.

ಈಗ ಮುಳ್ಳುಗಳು ಏನು ಹೇಳುತ್ತವೆ ಎಂಬುದು. ನಮ್ಮ ಮೀಟರ್ ನೋಡುವುದು ಎರಡು ಫೇಸುಗಳ ನಡುವಿನ ವೋಲ್ಟೇಜನ್ನು. ಅದು ಒಂದು ಮೀಟರಿನಲ್ಲಿ ಆ ಫೇಸಿನ ವೋಲ್ಟೇಜಿಗಿಂತ 30 ಡಿಗ್ರಿ ಮುಂದೆ, ಇನ್ನೊಂದರಲ್ಲಿ 30 ಡಿಗ್ರಿ ಹಿಂದೆ ಇರುತ್ತದೆ. ಕರೆಂಟು ಹಿಂದೆ ಬೀಳದೆ ವೋಲ್ಟೇಜಿನ ಜೊತೆಗೇ ನಡೆದರೆ, ಎರಡೂ ಮೀಟರಿಗೆ ಕೋನ ಸಮವಾಗಿ ಎರಡೂ ಒಂದೇ ಅಂಕಿ ತೋರಿಸುತ್ತವೆ. ಪವರ್ ಫ್ಯಾಕ್ಟರ್ 1. ಮೋಟಾರಿನಲ್ಲಿ ಕರೆಂಟು ಹಿಂದೆ ಬೀಳುತ್ತದೆ. ಬಿದ್ದಷ್ಟೂ ಒಂದು ಮೀಟರಿನ ಕೋನ ಹಿಗ್ಗುತ್ತಾ ಹೋಗುತ್ತದೆ. 30 ಡಿಗ್ರಿ ಹಿಂದೆ ಬಿದ್ದಾಗ ಸಣ್ಣ ಅಂಕಿ ದೊಡ್ಡದರ ಸರಿಯಾಗಿ ಅರ್ಧ. ಪವರ್ ಫ್ಯಾಕ್ಟರ್ 0.866. 60 ಡಿಗ್ರಿ ಆದಾಗ ಆ ಮುಳ್ಳು ಸೊನ್ನೆಯಲ್ಲಿ ನಿಲ್ಲುತ್ತದೆ. ಪವರ್ ಫ್ಯಾಕ್ಟರ್ 0.5. ಇನ್ನೂ ಹಿಂದೆ ಬಿದ್ದರೆ ಮುಳ್ಳು ಸೊನ್ನೆಯ ಎಡಕ್ಕೆ ಬಡಿಯುತ್ತದೆ. ಮೀಟರ್ ಕೆಟ್ಟಿಲ್ಲ, ಅದರ ಅಂಕಿ ನಿಜವಾಗಿಯೂ ಮೈನಸ್.

ಲೆಕ್ಕದ ಸೂತ್ರ ಇಷ್ಟೇ. W1 ದೊಡ್ಡ ಅಂಕಿ, W2 ಸಣ್ಣದು, ಚಿಹ್ನೆಯ ಸಮೇತ:

```
P = W1 + W2
tan φ = √3 × (W1 − W2) ÷ (W1 + W2)
PF = cos φ
```

ನಮ್ಮ ಮೀಟರುಗಳನ್ನು 600 ವೋಲ್ಟ್, 10 ಆಂಪಿಯರ್ ರೇಂಜಿನಲ್ಲಿ ಇಟ್ಟಿದ್ದೆವು. ಸ್ಕೇಲಿನಲ್ಲಿ 750 ಗೀಟುಗಳು. ಗುಣಿಸಿ ಭಾಗಿಸಿದರೆ ಒಂದು ಗೀಟಿಗೆ 8 ವ್ಯಾಟ್. ಮೋಟಾರ್ ಖಾಲಿ ಓಡತೊಡಗಿದಾಗ ನೀಲಿ ಫೇಸಿನ ಮುಳ್ಳು 162ರಲ್ಲಿ ನಿಂತಿತು. ಕೆಂಪು ಫೇಸಿನದು ಎಡಕ್ಕೆ ಸರಿದು ತಡೆಗಂಬಿಗೆ ಒತ್ತಿಕೊಂಡಿತು. ಅದನ್ನು ಓದಬೇಕಾದರೆ ತಿರುಗಿಸಿ ಜೋಡಿಸಬೇಕು. ತಪ್ಪು ಶುರುವಾಗುವುದು ಇಲ್ಲಿಯೇ.

ಮೀಟರಿನಲ್ಲಿ ದಿಕ್ಕು ಬದಲಿಸುವ ಸ್ವಿಚ್ ಇದ್ದರೆ ಅದನ್ನೇ ತಿರುಗಿಸಿ. ಇಲ್ಲದಿದ್ದರೆ ಸಪ್ಲೈ ಬಂದ್ ಮಾಡಿ M ಮತ್ತು L ತಂತಿಗಳನ್ನು ಅದಲುಬದಲು ಮಾಡಿ. C ಯ ತಂತಿ ಇದ್ದ ಫೇಸಿನಲ್ಲೇ ಉಳಿಯಲಿ. C ಮತ್ತು V ಗಳನ್ನು ಬದಲಿಸುವುದು ಸುಲಭವೆನಿಸುತ್ತದೆ, ಆದರೆ ಹಾಗೆ ಮಾಡಬಾರದು. ಆಗ ಮೀಟರಿನೊಳಗೆ ಕರೆಂಟ್ ಕಾಯಿಲ್ ಮತ್ತು ತಿರುಗುವ ಕಾಯಿಲ್‌ಗಳ ನಡುವೆ ಬಹುತೇಕ ಪೂರ್ತಿ ಲೈನ್ ವೋಲ್ಟೇಜ್ ಬೀಳುತ್ತದೆ. ಇನ್ಸುಲೇಷನ್ ಸುಡುವ ಅಪಾಯ ಒಂದು ಕಡೆ, ಅಂಕಿ ತಪ್ಪುವುದು ಇನ್ನೊಂದು ಕಡೆ. ತಂತಿ ಬದಲಿಸಿದ ಕೂಡಲೇ, ಅಂಕಿ ಓದುವ ಮೊದಲೇ, ಕಾಗದದ ಮೇಲೆ ಮೈನಸ್ ಬರೆದುಬಿಡಿ.

ತಿರುಗಿಸಿದ ಮೇಲೆ ಕೆಂಪು ಫೇಸಿನ ಮುಳ್ಳು 94 ತೋರಿಸಿತು. ಅಂದರೆ ಅಂಕಿಗಳು 1296 ಮತ್ತು −752 ವ್ಯಾಟ್. ಕೂಡಿದರೆ 544, ಕಳೆದರೆ 2048. tan φ ಸುಮಾರು 6.5, ಪವರ್ ಫ್ಯಾಕ್ಟರ್ 0.15. ಮೈನಸ್ ಮರೆತವರ ಲೆಕ್ಕದಲ್ಲಿ ಈ ಎರಡು ಸಂಖ್ಯೆಗಳೇ ಜಾಗ ಬದಲಿಸುತ್ತವೆ: ಕೂಡಿದರೆ 2048, ಕಳೆದರೆ 544. tan φ 0.46, ಪವರ್ ಫ್ಯಾಕ್ಟರ್ 0.91. ಚೀಟಿಯಲ್ಲಿದ್ದದ್ದು ಇದೇ. ಮೋಟಾರಿನ ತೀರಾ ಕೆಟ್ಟ ಸ್ಥಿತಿ, ಮರೆತ ಒಂದು ಚಿಹ್ನೆಯಿಂದ ತೀರಾ ಒಳ್ಳೆಯದಾಗಿ ಕಂಡಿತ್ತು.

ಇದನ್ನು ಹಿಡಿಯಲು ಒಂದು ಖಚಿತ ಉಪಾಯವಿದೆ. ಒಟ್ಟು ವ್ಯಾಟನ್ನು √3 × ವೋಲ್ಟ್ × ಆಂಪಿಯರ್‌ನಿಂದ ಭಾಗಿಸಿ ನೋಡಿ. 415 ವೋಲ್ಟ್, 5 ಆಂಪಿಯರ್ ಎಂದರೆ 3594. ಸರಿಯಾದ 544ನ್ನು ಭಾಗಿಸಿದರೆ 0.15 ಬರುತ್ತದೆ, ಸೂತ್ರದ ಉತ್ತರಕ್ಕೆ ಹೊಂದುತ್ತದೆ. ತಪ್ಪು 2048ನ್ನು ಭಾಗಿಸಿದರೆ 0.57 ಬರುತ್ತದೆ, 0.91 ಜೊತೆ ಹೊಂದುವುದೇ ಇಲ್ಲ. ಎರಡು ದಾರಿಯ ಉತ್ತರಗಳು ಬೇರೆ ಬೇರೆ ಬಂದರೆ ಮೊದಲು ಚಿಹ್ನೆ ನೋಡಿ, ನಂತರ ಫೇಸುಗಳ ಕರೆಂಟು ಸಮವಾಗಿದೆಯೇ ನೋಡಿ. ಮೋಟಾರಿನ ಮುಂದೆ ವೇಗ ಬದಲಿಸುವ ಡ್ರೈವ್ ಇದ್ದರೆ ಕರೆಂಟಿನ ಅಲೆ ವಿಕಾರವಾಗಿರುತ್ತದೆ. ಆಗ ಚಿಹ್ನೆ ಸರಿ ಇದ್ದರೂ ಎರಡೂ ಕೂಡಿಬರುವುದಿಲ್ಲ.

ಖಾಲಿ ಮೋಟಾರಿನ ಅಂಕಿ ನೋಡಿ ಕೆಪಾಸಿಟರ್ ಆರಿಸುವಂತಿಲ್ಲ. ಹಾಗಾಗಿ ದಿನನಿತ್ಯದ ಲೋಡ್ ಹಾಕಿದೆವು. ಕರೆಂಟು 8 ಆಂಪಿಯರ್ ಆಯಿತು. ಮೈನಸ್ಸಿನಲ್ಲಿದ್ದ ಮುಳ್ಳು ಈಗ ಎಡಕ್ಕೆ ಹೊರಳಿತು. ತಂತಿ ಇನ್ನೂ ತಿರುಗಿಸಿಯೇ ಇತ್ತಲ್ಲ. ಸಪ್ಲೈ ತೆಗೆದು ಮೊದಲಿನಂತೆ ಜೋಡಿಸಿದ ಮೇಲೆ 407 ಮತ್ತು 132 ಗೀಟು ಬಂದವು: 3256 ಮತ್ತು 1056 ವ್ಯಾಟ್, ಒಟ್ಟು 4312. ಸೂತ್ರ ಹಾಕಿದರೆ ಪವರ್ ಫ್ಯಾಕ್ಟರ್ 0.75. ಅಂಕಿಗಳ ವ್ಯತ್ಯಾಸ 2200ನ್ನು √3 ರಿಂದ ಗುಣಿಸಿದರೆ ಕೆಲಸಕ್ಕೆ ಬಾರದೆ ಲೈನಿನಲ್ಲಿ ಹೋಗಿಬರುವ ರಿಯಾಕ್ಟಿವ್ ಪವರ್ ನೇರವಾಗಿ ಸಿಗುತ್ತದೆ, ಸುಮಾರು 3.8 ಕೆವಿಎಆರ್. ಪವರ್ ಫ್ಯಾಕ್ಟರನ್ನು 0.95ಕ್ಕೆ ತರಲು ಇದರಲ್ಲಿ 1.4 ಮಾತ್ರ ಉಳಿಯಬೇಕು; ಅಂದರೆ ಕೆಪಾಸಿಟರ್ 2.4 ಕಳೆಯಬೇಕು. ಖಾಲಿ ಓಟದಲ್ಲಿ ಮೋಟಾರ್ ಎಳೆಯುತ್ತಿದ್ದದ್ದು 3.5. ಮೋಟಾರಿನ ತುದಿಗೇ ಕಟ್ಟುವ ಕೆಪಾಸಿಟರ್ ಆ ಮಿತಿಯ ಒಳಗಿರಬೇಕು, ಇಲ್ಲದಿದ್ದರೆ ಸ್ವಿಚ್ ತೆಗೆದ ಮೇಲೂ ಮೋಟಾರ್ ತಾನೇ ವೋಲ್ಟೇಜ್ ಹುಟ್ಟಿಸುವ ಅಪಾಯವಿದೆ. 2.5 ಕೆವಿಎಆರ್ ಸರಿಹೊಂದಿತು.

ಕೆಪಾಸಿಟರನ್ನು ಮೀಟರಿನ ಆಚೆ, ಮೋಟಾರಿನ ಕಡೆಗೆ ಕಟ್ಟಿ, ಅದೇ ಲೋಡಿನಲ್ಲಿ ಮತ್ತೆ ನೋಡಿದೆವು. 407ರಲ್ಲಿದ್ದ ಮುಳ್ಳು 317ಕ್ಕೆ ಇಳಿದಿತ್ತು, 132ರಲ್ಲಿದ್ದದ್ದು 222ಕ್ಕೆ ಏರಿತ್ತು. ಒಟ್ಟು 539 ಗೀಟು, ಮೊದಲಿನಷ್ಟೇ. ಲೈನ್ ಕರೆಂಟು 8ರಿಂದ 6.3 ಆಂಪಿಯರಿಗೆ ಬಂದಿತ್ತು. ಶೆಡ್ಡಿನವರು ಹಳೆಯ ಚೀಟಿಯ ಹಿಂಬದಿಯಲ್ಲಿ ಎರಡೂ ಸಾಲಿನ ಅಂಕಿಗಳನ್ನು ಬರೆದುಕೊಂಡು ಸ್ಟಾರ್ಟರ್ ಪೆಟ್ಟಿಗೆಯೊಳಗೆ ಸಿಕ್ಕಿಸಿದರು.