ಒಂದು ಪ್ಯಾಲೆಟ್ ಮೇಲೆ ಎಷ್ಟು ಕಾರ್ಟನ್? ನಮ್ಮ ಅಗರಬತ್ತಿ ಗೋಡೌನ್‌ನ ಲೆಕ್ಕ

ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಅಗರಬತ್ತಿ ಯೂನಿಟ್‌ನಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವುದು ನನ್ನ ಕೆಲಸ. ಊರೊಳಗೆ, ಬೆಂಗಳೂರಿಗೆ ಹೋಗುವ ಮಾಲಿಗೆ ಪ್ಯಾಲೆಟ್, ಅಂದರೆ ಫೋರ್ಕ್‌ಲಿಫ್ಟ್ ಎತ್ತುವ ಮರದ ಅಡಿಹಲಗೆಯ ಗೊಡವೆ ಇಲ್ಲ. ಲಾರಿಗೆ ಕೈಯಲ್ಲೇ ತುಂಬುತ್ತೇವೆ. ಹೊರದೇಶದ ಒಬ್ಬ ಗ್ರಾಹಕರು ಮಾತ್ರ ಪ್ಯಾಲೆಟ್ ಮೇಲೆ ಕಟ್ಟಿಯೇ ಕಳಿಸಬೇಕು ಅಂದರು. ಅವರ ಷರತ್ತು ಎರಡೇ. ಪ್ಯಾಲೆಟ್ 120 × 100 ಇರಬೇಕು. ನೆಲದಿಂದ ಮೇಲಿನ ತುದಿಯವರೆಗೆ, ಪ್ಯಾಲೆಟ್ ಕೂಡ ಸೇರಿ, 155 ದಾಟಬಾರದು. (ಇಲ್ಲಿ ಹೇಳುವ ಅಳತೆ ಎಲ್ಲಾ ಸೆಂಟಿಮೀಟರ್‌ನಲ್ಲಿ.)

155 ಯಾಕೆ ಅಂತ ಮೊದಲು ಕೇಳಿಕೊಂಡೆ. 20 ಅಡಿ ಕಂಟೇನರ್ ಬಾಗಿಲೇ ಸುಮಾರು 228 ಎತ್ತರ ಇರುತ್ತದೆ, ಆದ್ದರಿಂದ ಅದು ಕಾರಣ ಅಲ್ಲ. ಅವರ ಗೋಡೌನ್‌ನ ರ‍್ಯಾಕ್‌ನಲ್ಲಿ ಎರಡು ಅಡ್ಡಪಟ್ಟಿಗಳ ನಡುವಿನ ಜಾಗ ಅಷ್ಟೇ ಅಂತೆ. ಇದನ್ನು ಕೇಳಿಕೊಳ್ಳುವುದು ಒಳ್ಳೆಯದು. ಕಂಟೇನರ್ ಬಾಗಿಲು ಕಾರಣವಾದರೆ ಫೋರ್ಕ್‌ಲಿಫ್ಟ್ ಪ್ಯಾಲೆಟ್ ಎತ್ತಿಕೊಂಡು ಒಳಗೆ ಹೋಗುವಾಗ ಬೇಕಾಗುವ ಜಾಗವನ್ನೂ ನಾವೇ ಬಿಡಬೇಕು. ರ‍್ಯಾಕ್‌ನ ವಿಷಯದಲ್ಲಿ ಅವರು ಆ ಜಾಗ ಬಿಟ್ಟೇ 155 ಹೇಳಿದ್ದರು.

ನಮ್ಮ ಕಾರ್ಟನ್ ಹೊರಗಿನ ಅಳತೆ 46 × 31 × 28. ಮಾರ್ಕೆಟಿಂಗ್‌ನವರು ಘನ ಅಳತೆ ಹಿಡಿದು ಭಾಗಿಸಿಬಿಟ್ಟಿದ್ದರು. ಪ್ಯಾಲೆಟ್ ಮರದ ಎತ್ತರ 15 ಕಳೆದರೆ ಉಳಿಯುವುದು 140. ಆಗ 120 × 100 × 140 ಅನ್ನು ಕಾರ್ಟನ್ ಘನ ಅಳತೆಯಿಂದ ಭಾಗಿಸಿದರೆ 42 ಬರುತ್ತದೆ. ಗ್ರಾಹಕರಿಗೂ ಪ್ಯಾಲೆಟ್‌ಗೆ 42 ಅಂತ ಬರೆದಾಗಿತ್ತು. ನಿಜವಾಗಿ ಕೂರುವುದು 28. ಕಾರ್ಟನ್ ಏನು ನೀರಾ, ಸಂದುಗಳಿಗೆಲ್ಲ ಹರಿದು ತುಂಬಿಕೊಳ್ಳೋಕೆ?

ನಾನು ಮಾಡುವ ಲೆಕ್ಕ ಬೇರೆ. ಮೊದಲು ಒಂದು ಲೇಯರ್ ಮಾತ್ರ ನೋಡುತ್ತೇನೆ. ಪ್ಯಾಲೆಟ್‌ನ ಉದ್ದದ ಬದಿ 120. ಅದರ ಮೇಲೆ 46 ಮತ್ತು 31 ಇವೆರಡನ್ನೇ ಕೂಡಿಸುತ್ತಾ ಎಷ್ಟು ಹತ್ತಿರ ಹೋಗಬಹುದು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

46 + 46 = 92
31 + 31 + 31 = 93
46 + 31 + 31 = 108

ಮೂರನೆಯದೇ ಎಲ್ಲಕ್ಕಿಂತ ಹತ್ತಿರ. ಅಂದರೆ ಹೇಗೆ ತಿರುಗಿಸಿದರೂ ಆ ಬದಿಯಲ್ಲಿ 12 ಸೆಂ.ಮೀ. ಖಾಲಿ ಉಳಿಯುವುದು ಗ್ಯಾರಂಟಿ. ಹಾಗಾಗಿ ನಮಗೆ ಸಿಕ್ಕಿರುವುದು 120 × 100 ಅಲ್ಲ, 108 × 100. ಅದನ್ನು ಒಂದು ಕಾರ್ಟನ್ ತಳದಿಂದ (46 × 31) ಭಾಗಿಸಿದರೆ ಏಳೂವರೆ. ಅಲ್ಲಿಗೆ 8 ಕೂರಿಸುವ ಆಸೆ ಬಿಡಬೇಕು, 7 ಸಿಗಬಹುದಾ ಅಂತ ಮಾತ್ರ ನೋಡಬೇಕು.

7 ಸಿಗುತ್ತದೆ. ಪ್ಯಾಲೆಟ್‌ನ ಒಂದು ತುದಿಯಲ್ಲಿ 46 ಅಗಲದ ಒಂದು ಸಾಲು, ಅದರಲ್ಲಿ 3 ಕಾರ್ಟನ್. ಪಕ್ಕದಲ್ಲಿ ಅಡ್ಡಡ್ಡ ತಿರುಗಿಸಿದ 31 ಅಗಲದ ಎರಡು ಸಾಲು, ಒಂದೊಂದರಲ್ಲಿ 2. ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ, ಯಾವ ದಿಕ್ಕಿಗಾದರೂ ಸರಿ, 6 ಮಾತ್ರ.

ಇನ್ನು ಎತ್ತರ. 140 ಅನ್ನು 28ರಿಂದ ಭಾಗಿಸಿದರೆ ಸರಿಯಾಗಿ 5. ಪೇಪರ್ ಮೇಲೆ 155ಕ್ಕೆ 155, ಒಂದು ಕೂದಲೂ ಜಾಸ್ತಿ ಇಲ್ಲ. ಇಷ್ಟು ಸರಿಯಾಗಿ ಬಂದರೆ ನನಗೆ ಅನುಮಾನ. ಮಾಲು ತುಂಬಿ ಟೇಪು ಹೊಡೆದ ಕಾರ್ಟನ್ ಮೇಲ್ಭಾಗ ಸ್ವಲ್ಪ ಉಬ್ಬಿರುತ್ತದೆ, ಮುಚ್ಚಳದ ಎಲೆಗಳು ಒಂದರ ಮೇಲೊಂದು ಪೂರ್ತಿ ಮಲಗುವುದಿಲ್ಲ. ಅದಕ್ಕೆ ನಾನು ಒಂದು ಕಾರ್ಟನ್ ಅಳೆದು ಗುಣಿಸುವುದಿಲ್ಲ, ತುಂಬಿದ ಕಾರ್ಟನ್‌ಗಳನ್ನೇ ಒಂದರ ಮೇಲೊಂದು ಇಟ್ಟು, ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಟೇಪು ಹಿಡಿಯುತ್ತೇನೆ. ಐದು ಸೇರಿ 140ರ ಬದಲು 143 ಬಂತು. ಪ್ಯಾಲೆಟ್ ಸೇರಿ 158. ರ‍್ಯಾಕ್‌ಗೆ ಹೋಗುವುದಿಲ್ಲ. ಹಾಗಾಗಿ 4 ಲೇಯರ್, 28 ಕಾರ್ಟನ್. ಮೇಲೆ ಹತ್ತಿರ ಹತ್ತಿರ ಒಂದು ಕಾರ್ಟನ್ ಎತ್ತರದಷ್ಟು ಗಾಳಿ, ಅದಕ್ಕೂ ಸೇರಿಸಿ ಹಡಗಿನ ಬಾಡಿಗೆ.

ಇಲ್ಲಿ ಎಲ್ಲರೂ ಜೋಡಿಸುವ ರೀತಿ ಬದಲಿಸಲು ನೋಡುತ್ತಾರೆ. ನಾನು ನೋಡಿದ್ದು ಕಾರ್ಟನ್ ಒಳಗೆ. ಒಂದರಲ್ಲಿ 25 ಒಳ ಬಾಕ್ಸ್ ಇರುತ್ತವೆ, ಒಂದೊಂದರಲ್ಲೂ ಆರು ಹೆಕ್ಸಾ ಪ್ಯಾಕೆಟ್. ಬಾಕ್ಸ್ ಅಳತೆ 9 × 6, ಉದ್ದ 25.8. ಇವನ್ನು ಮೊದಲಿಂದಲೂ ನಿಲ್ಲಿಸಿ ತುಂಬುತ್ತಿದ್ದರು, ಐದೈದರ ಐದು ಸಾಲು. ಒಳಗೆ 45 × 30 × 26. ಫೈವ್ ಪ್ಲೈ ರಟ್ಟು ಅರ್ಧ ಸೆಂ.ಮೀ. ದಪ್ಪ, ಆದ್ದರಿಂದ ಉದ್ದ ಅಗಲಕ್ಕೆ ಒಂದೊಂದು ಸೆಂ.ಮೀ. ಸೇರುತ್ತದೆ, ಮೇಲೆ ಕೆಳಗೆ ಎರಡೆರಡು ಎಲೆ ಇರುವುದರಿಂದ ಎತ್ತರಕ್ಕೆ ಎರಡು. ಹಾಗೆ ಆಗಿದ್ದು ಆ 46 × 31 × 28.

ಅದೇ 25 ಬಾಕ್ಸ್ ಮಲಗಿಸಿದರೆ? ಒಳಗೆ 45 × 26 × 30 ಆಗುತ್ತದೆ, ಹೊರಗೆ 46 × 27 × 32. ಈಗ 120ರ ಬದಿಗೆ ನಾಲ್ಕು 27 ಅಂದರೆ 108, 100ರ ಬದಿಗೆ ಎರಡು 46 ಅಂದರೆ 92. ಒಂದು ಲೇಯರ್‌ಗೆ 8, ಎಲ್ಲವೂ ಒಂದೇ ದಿಕ್ಕಿಗೆ. ಎತ್ತರ ನಾಲ್ಕು 32 ಅಂದರೆ 128, ಮರದ 15 ಸೇರಿ 143. ಉಬ್ಬು ಎಷ್ಟೇ ಬಂದರೂ 155ರೊಳಗೆ ಆರಾಮ. ಪ್ಯಾಲೆಟ್‌ಗೆ 32 ಕಾರ್ಟನ್. 20 ಅಡಿ ಕಂಟೇನರ್‌ನಲ್ಲಿ ಈ ಅಳತೆಯ ಪ್ಯಾಲೆಟ್ 10 ಕೂರುತ್ತವೆ, ಅಂದರೆ 280 ಇದ್ದದ್ದು 320 ಆಯಿತು. ಮಾಲು ಅದೇ, ಕಾರ್ಟನ್ ಒಂದಕ್ಕೆ ಬಾಕ್ಸ್ ಅದೇ 25, ಇನ್‌ವಾಯ್ಸ್‌ನಲ್ಲಿ ಏನೂ ಬದಲಾಗಲಿಲ್ಲ.

ಹಾಗಂತ ಹೊಸ ಕಾರ್ಟನ್ ಎಲ್ಲರಿಗೂ ಒಳ್ಳೆಯದು ಅಂತಲ್ಲ. ಆ ಗ್ರಾಹಕರ ಮಿತಿ 155ರ ಬದಲು 160 ಇದ್ದಿದ್ದರೆ ಹಳೆಯದೇ ಗೆಲ್ಲುತ್ತಿತ್ತು, ಐದು ಲೇಯರ್ ಕೂತು 35 ಆಗುತ್ತಿತ್ತು. ಹೊಸದು ಆಗಲೂ ನಾಲ್ಕೇ ಲೇಯರ್, 32.

ನಮ್ಮ ಲೋಡಿಂಗ್ ಹುಡುಗ ಒಬ್ಬ ಕೇಳಿದ, “ಸಾರ್, ಹಳೇ ಕಾರ್ಟನ್ನೇ ಪಕ್ಕಕ್ಕೆ ಮಲಗಿಸಿದ್ರೆ ಆಗಲ್ವಾ? 46, 28. ಎಂಟು ಕೂರುತ್ತೆ.” ಲೆಕ್ಕ ಸರಿ. ಆದರೆ ರಟ್ಟಿನ ಒಳಗಿನ ಅಲೆಗಳು ನೆಟ್ಟಗೆ ನಿಂತಿದ್ದರೆ ತಾನೇ ಭಾರ ಹೊರುವುದು. ಪಕ್ಕಕ್ಕೆ ಮಲಗಿಸಿದರೆ ಆ ಅಲೆಗಳೂ ಮಲಗುತ್ತವೆ, ಕೆಳಗಿನ ಕಾರ್ಟನ್ ಜಗ್ಗುತ್ತದೆ. ಅದಕ್ಕೇ ಹೊಸದಾಗಿ ಮಾಡಿಸಿದ್ದು.

ಭಾರದ ಲೆಕ್ಕ ಚಿಕ್ಕದು. ಒಂದು ಕಾರ್ಟನ್ ಸುಮಾರು 9 ಕೆಜಿ. ಕೆಳಗಿನದರ ಮೇಲೆ ಮೂರು, ಅಂದರೆ 27 ಕೆಜಿ. ಹಡಗಿನ ತೇವಕ್ಕೆ ರಟ್ಟು ಮೆತ್ತಗಾಗುತ್ತದೆ, ವಾರಗಟ್ಟಲೆ ಭಾರ ಹೊತ್ತು ನಿಂತರೂ ಶಕ್ತಿ ಇಳಿಯುತ್ತದೆ. ಹಾಗಾಗಿ ಐದರಷ್ಟು ಹಿಡಿಯುತ್ತೇನೆ, 135 ಕೆಜಿ. ಕಾರ್ಟನ್ ಮಾಡುವವರಿಂದ ಅದಕ್ಕಿಂತ ಜಾಸ್ತಿ ತಡೆಯುವ ಟೆಸ್ಟ್ ರಿಪೋರ್ಟ್ ತರಿಸಿಕೊಳ್ಳಬೇಕು. ಮೊದಲು ಬಾಕ್ಸ್‌ಗಳು ನಿಂತಿದ್ದಾಗ ಅವೂ ಒಂದಿಷ್ಟು ಭಾರ ಹೊರುತ್ತಿದ್ದವು, ಮಲಗಿಸಿದ ಮೇಲೆ ಪೂರ್ತಿ ಕಾರ್ಟನ್ ಮೇಲೇ ಅಂತ ನೆನಪಿರಲಿ. ಪ್ಯಾಲೆಟ್ ಒಟ್ಟು ತೂಕ 300 ಕೆಜಿ ಆಸುಪಾಸು, ಅದರ ಚಿಂತೆ ಇಲ್ಲ. ಮಂಡ್ಯದಿಂದ ಬೆಲ್ಲ ಕಳಿಸುವವರಿಗೆ ಇದು ಉಲ್ಟಾ. ಅಲ್ಲಿ ಎತ್ತರ ಮುಟ್ಟುವ ಮೊದಲೇ ತೂಕ ಮುಗಿದಿರುತ್ತದೆ.

ಜೋಡಿಸುವಾಗ ಜಗಳ ಬರುವುದು ಒಂದೇ ವಿಷಯಕ್ಕೆ. ಇಟ್ಟಿಗೆ ಗೋಡೆ ಕಟ್ಟುವ ಹಾಗೆ ಸಂದಿನ ಮೇಲೆ ಸಂದು ಬರದಂತೆ ಇಡಬೇಕು ಅಂತ ಹಳಬರ ವಾದ. ಹಾಗೆ ಇಟ್ಟರೆ ಪ್ಯಾಲೆಟ್ ಅಲುಗಾಡುವುದಿಲ್ಲ, ನಿಜ. ಆದರೆ ಕಾರ್ಟನ್ ಶಕ್ತಿ ಇರುವುದು ನಾಲ್ಕು ಮೂಲೆಯಲ್ಲಿ. ಮೇಲಿನದರ ಮೂಲೆ ಕೆಳಗಿನದರ ನಡುವೆ ಬಂದು ಕೂತರೆ ಆ ಶಕ್ತಿಯ ದೊಡ್ಡ ಪಾಲು ಹೋಯಿತು. ನಮ್ಮ ಹೊಸ ಜೋಡಣೆಯಲ್ಲಿ ಮೂಲೆಯ ಮೇಲೆ ಮೂಲೆ ಬರುತ್ತದೆ, ಅದು ಒಳ್ಳೆಯದೇ. ಅಲುಗಾಟಕ್ಕೆ ಬೇರೆ ದಾರಿ ಇದೆ: ಎರಡನೇ ಲೇಯರ್ ಮೇಲೆ ಒಂದು ಒರಟು ಕಾಗದದ ಹಾಳೆ, ನಾಲ್ಕು ಮೂಲೆಗೆ ಕೆಳಗಿನಿಂದ ಮೇಲಿನವರೆಗೆ ರಟ್ಟಿನ ಆಂಗಲ್, ಆಮೇಲೆ ಸ್ಟ್ರೆಚ್ ಫಿಲಂ. ಫಿಲಂನ ಮೊದಲ ಸುತ್ತುಗಳು ಪ್ಯಾಲೆಟ್ ಮರವನ್ನೂ ಹಿಡಿದುಕೊಳ್ಳಬೇಕು. ಬರೀ ಕಾರ್ಟನ್ ಸುತ್ತಿದರೆ ತಿರುವಿನಲ್ಲಿ ಇಡೀ ರಾಶಿ ಮರದ ಮೇಲಿಂದ ಜಾರುತ್ತದೆ.

ಉಳಿದ ಜಾಗವನ್ನು ಕಾರ್ಟನ್ ನಡುವೆ ಹಂಚಬಾರದು. ಎಂಟನ್ನೂ ಒತ್ತಿ ಇಟ್ಟು ಪ್ಯಾಲೆಟ್ ನಡುಮಧ್ಯಕ್ಕೆ ತರಬೇಕು, 120ರ ಬದಿಯಲ್ಲಿ ಎರಡೂ ತುದಿಗೆ 6, 100ರ ಬದಿಯಲ್ಲಿ ಎರಡೂ ತುದಿಗೆ 4 ಸೆಂ.ಮೀ. ಅಂಚು ಉಳಿಯುತ್ತದೆ. ಪ್ಯಾಲೆಟ್ ಹಲಗೆಗಳ ನಡುವೆ ಸಂದು ಜಾಸ್ತಿ ಇದ್ದರೆ ಕೆಳಗಿನ ಕಾರ್ಟನ್ ಮೂಲೆ ಅದರೊಳಗೆ ಇಳಿಯುತ್ತದೆ, ಅಡಿಗೆ ಒಂದು ಫೈವ್ ಪ್ಲೈ ಹಾಳೆ ಹಾಸಿದರೆ ಸರಿಹೋಗುತ್ತದೆ. ಮರದಲ್ಲಿ ಎಚ್‌ಟಿ ಸೀಲ್ ಇದೆಯಾ ನೋಡಿ. ಮರದ ಒಳಗಿನ ತಿರುಳಿನವರೆಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿದ್ದಾರೆ ಅನ್ನುವುದರ ಗುರುತು ಅದು, ಇಲ್ಲದಿದ್ದರೆ ಅಲ್ಲಿನ ಬಂದರಿನಲ್ಲಿ ತಡೆಯಬಹುದು.

ಈಗ ನಮ್ಮಲ್ಲಿ ನಡೆಯುತ್ತಿರುವ ಚರ್ಚೆ 9ರದ್ದು. ಹೊಸ ಕಾರ್ಟನ್‌ಗೆ ಮತ್ತೆ ಚೀಟಿ ಲೆಕ್ಕ ಹಾಕಿದರೆ 46 + 46 + 27 = 119, ಇನ್ನೊಂದು ಬದಿಗೆ 46 + 27 + 27 = 100. ಎಡಕ್ಕೆ 92 ಅಗಲದ ಜಾಗದಲ್ಲಿ ಉದ್ದುದ್ದ ಎರಡೆರಡರ ಎರಡು ಸಾಲು, ಅದರ ಹಿಂದೆ ಅಡ್ಡ ತಿರುಗಿಸಿದ ಮೂರು, ಬಲ ತುದಿಯಲ್ಲಿ ಎರಡು. ಒಟ್ಟು 9, ಪೇಪರ್ ಮೇಲೆ ಕೂರುತ್ತದೆ. ಆದರೆ 100ಕ್ಕೆ 100 ಅಂದರೆ ಉಬ್ಬಿಗೆ ಜಾಗವೇ ಇಲ್ಲ. ಪಕ್ಕದ ಗೋಡೆಗಳೂ ಉಬ್ಬುತ್ತವೆ, ಜೊತೆಗೆ ಪ್ಯಾಲೆಟ್ ಮಾಡುವವರು ಅರ್ಧ ಸೆಂ.ಮೀ. ಕಡಿಮೆ ಕೊಯ್ದಿರುತ್ತಾರೆ. ಕಾರ್ಟನ್ ಅಂಚು ಮರದಿಂದ ಹೊರಗೆ ಬಂದರೆ ಆ ಬದಿಯ ಗೋಡೆ ಗಾಳಿಯಲ್ಲಿ ನಿಲ್ಲುತ್ತದೆ, ಭಾರ ಹೊರುವುದಿಲ್ಲ, ಕುಸಿಯುವುದು ಅಲ್ಲಿಂದಲೇ.

ಕಾರ್ಟನ್ ಮಾಡುವವರು ತ್ರೀ ಪ್ಲೈ ಹಾಕೋಣ ಅಂತಿದ್ದಾರೆ. ರಟ್ಟು 3 ಮಿ.ಮೀ. ಆದರೆ ಹೊರ ಅಳತೆ 45.6 × 26.6 ಆಗಿ, 100ರ ಬದಿಯಲ್ಲಿ 1.2 ಸೆಂ.ಮೀ. ಉಳಿಯುತ್ತದೆ. ನಾಲ್ಕು ಲೇಯರ್‌ಗೆ 36 ಕಾರ್ಟನ್. ಮಳೆಗಾಲದಲ್ಲಿ ಹಡಗಿಗೆ ಹೋಗುವ ಮಾಲಿಗೆ ತ್ರೀ ಪ್ಲೈ ಹಾಕಲು ನಾನು ಒಪ್ಪಿಲ್ಲ. ಮಳೆ ನಿಂತ ಮೇಲೆ ಒಂದು ಪ್ಯಾಲೆಟ್ ಕಟ್ಟಿ, ಗೋಡೌನ್‌ನಲ್ಲೇ ಒಂದು ತಿಂಗಳು ಬಿಟ್ಟು, ಕೆಳಗಿನ ಲೇಯರ್ ಎಷ್ಟು ಜಗ್ಗಿದೆ ಅಂತ ಅಳೆದು ಆಮೇಲೆ ಹೇಳುತ್ತೇನೆ ಅಂದಿದ್ದೇನೆ.