ಅಡಿಕೆ ದಬ್ಬೆಗೆ ಕಟ್ಟಿದ ಹೂವು, ಮೂರು ಪಂಕ್ತಿ ಎಲೆ ಊಟ

ಈ ದಸರಾಕ್ಕೆ ದಾವಣಗೆರೆಯ ನಮ್ಮ ಓಣಿಯ ಗುಡಿ ಹಾಲ್‌ನಲ್ಲಿ ಸುಮಾರು 240 ಜನ ನೆಲದ ಮೇಲೆ ಕೂತು ಎಲೆ ಊಟ ಮಾಡಿದರು. ಮೂರನೇ ಪಂಕ್ತಿ ಏಳುವವರೆಗೂ ಎಲೆ ಮುಂದಿನ ಹೂವಿನ ಸಾಲು ಕೆಡಲಿಲ್ಲ. "ಟೇಬಲ್ ಹಾಕ್ಸಿ, ಪೇಪರ್ ರೋಲ್ ಹಾಸಿ, ಸುಮ್ನೆ ಯಾಕೆ ಒದ್ದಾಡ್ತೀರಿ" ಎನ್ನುತ್ತಿದ್ದವರೇ ನಿಂತು ಫೋಟೊ ತೆಗೆದುಕೊಂಡರು.

ಮೊದಲ ವರ್ಷ ಚೆಂಡು ಹೂವಿನ ಎಸಳು ಬಿಡಿಸಿ ಎಲೆಗಳ ಮುಂದೆ ಉದ್ದಕ್ಕೂ ಸುರಿದಿದ್ದೆ. ಫ್ಯಾನ್ ಹಾಕಿದ್ದೇ ತಡ, ಎಸಳೆಲ್ಲ ಕೋಸಂಬರಿ ಮೇಲೆ ಬಂದು ಕೂತವು. ಆಚೆ ಬದಿ ಎಳೆದಿದ್ದ ರಂಗೋಲಿ ಪುಡಿ ಬಡಿಸುವವರ ಕಾಲಿಗೆ ಹತ್ತಿ ಹಾಲ್ ತುಂಬ ಹರಡಿತು. ಅದು ಕಲ್ಲಿನ ಪುಡಿ, ಅನ್ನದಲ್ಲಿ ಸಿಕ್ಕರೆ ಹಲ್ಲಿಗೆ ಕರಕರ ಎನ್ನುತ್ತದೆ. ಈಗ ಹಿಂದಿನ ರಾತ್ರಿಯೇ ಅಕ್ಕಿ ಹಿಟ್ಟು ಕಲಸಿ ಬೆರಳಲ್ಲಿ ಎಳೆದು ಒಣಗಲು ಬಿಡುತ್ತೇನೆ.

ಎರಡನೇ ವರ್ಷ ಸೇವಂತಿಗೆ ಮಾಲೆ ತಂದು ನೆಲದ ಮೇಲೆ ಇಟ್ಟೆ. ಮೊದಲ ಪಂಕ್ತಿಗೆ ಬಹಳ ಚೆನ್ನಾಗಿತ್ತು. ಆಮೇಲೆ ಎಲೆ ಎತ್ತಿ ನೆಲ ಒರೆಸಬೇಕಲ್ಲ? ಮಾಲೆ ಸಾರಿನಲ್ಲಿ ನೆಂದು, ಒರೆಸುವ ಬಟ್ಟೆಗೆ ಸಿಕ್ಕಿ ಮುದ್ದೆಯಾಯಿತು. ಹಬ್ಬದ ರೇಟಿನಲ್ಲಿ ಮಾರಿಗೆ ನೂರರ ಹಾಗೆ 30 ಮಾರು ತಂದಿದ್ದೆ. ಮೂರು ಸಾವಿರ ರೂಪಾಯಿ ಒಂದೇ ಪಂಕ್ತಿಗೆ ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೂವು ನೆಲಕ್ಕೆ ತಾಗಬಾರದು, ಆದರೆ ಒಂದೇ ಕೈಗೆ ಎತ್ತಲು ಬರಬೇಕು. ಚನ್ನಗಿರಿ ಕಡೆಯ ನೆಂಟರ ತೋಟದಲ್ಲಿ ಅಡಿಕೆ ದಬ್ಬೆ ನೋಡಿದಾಗ ಇದು ಹೊಳೆಯಿತು. ಒಣಗಿ ಬಿದ್ದ ಮರ ಸೀಳಿಸಿ, ನಾಲ್ಕು ಬೆರಳು ಅಗಲ, ಹತ್ತು ಅಡಿ ಉದ್ದದ 16 ದಬ್ಬೆ ತಂದೆ. ಗಾಡಿ ಬಾಡಿಗೆ 600 ಬಿಟ್ಟರೆ ಬೇರೆ ಖರ್ಚಿಲ್ಲ. ಅಂಚನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಬೇಕು, ಇಲ್ಲದಿದ್ದರೆ ಸಿಬಿರು ಕೈಗೆ ಚುಚ್ಚುತ್ತದೆ. ಉಬ್ಬಿದ ಬೆನ್ನು ಮೇಲೆ ಬರುವಂತೆ ಇಟ್ಟು, ಅದರ ಮೇಲೆ ನೆನೆಸಿದ ಬಾಳೆ ನಾರಿನಿಂದ ಹೂವು ಕಟ್ಟಿದೆವು. ಆ ನುಣುಪಿನ ಮೇಲೆ ಹೂವು ಜಾರದಂತೆ ಮಾಡುವ ಒಂದು ಉಪಾಯ ಇದೆ. ಅದನ್ನು ಮನೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಅಡುಗೆಯವರು ಒಪ್ಪಲೇ ಇಲ್ಲ. "ಅಕ್ಕಾ, ಹುಡುಗ್ರು ಎಡವಿ ಬಕೆಟ್ ಸಮೇತ ಎಲೆ ಮೇಲೆ ಬೀಳ್ತಾರೆ" ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಖಾಲಿ ಬಕೆಟ್ ಹಿಡಿಸಿ ನಡೆಸಿ ನೋಡಿದಾಗ ಎರಡು ಸಲ ಕಾಲು ತಾಗಿತು. ಎದುರುಬದುರು ಸಾಲಿನ ನಡುವೆ ಮೂರೇ ಅಡಿ ಬಿಟ್ಟಿದ್ದೆ, ಇಬ್ಬರು ಎದುರಾದಾಗ ಪಕ್ಕಕ್ಕೆ ಸರಿಯುತ್ತಿದ್ದರು. ಐದನೇ ಸಾಲು ಕೈಬಿಟ್ಟು ನಡುವೆ ನಾಲ್ಕು ಅಡಿ ಮಾಡಿದೆ. ಒಂದು ಐಟಂ ಬಡಿಸುವವರೆಲ್ಲ ಒಂದೇ ದಿಕ್ಕಿಗೆ ಹೋಗಬೇಕು, ಹಿಂದಕ್ಕೆ ತಿರುಗಬಾರದು ಎಂದೆ. ಆಮೇಲೆ ಯಾರೂ ಎಡವಲಿಲ್ಲ. ಒಬ್ಬರಿಗೆ ಎರಡು ಅಡಿ ಜಾಗ, 40 ಅಡಿ ಸಾಲಿಗೆ 20 ಎಲೆ, ನಾಲ್ಕು ಸಾಲಿಗೆ 80. ಎಲೆಗೂ ದಬ್ಬೆಗೂ ನಡುವೆ ಒಂದು ಗೇಣು ಇರಲಿ. ಜಮಖಾನ ಕೂರುವ ಜಾಗಕ್ಕೆ ಮಾತ್ರ, ಎಲೆ ಕೆಳಗೆ ಬೇಡ.

ಮಧ್ಯೆ ಮಲ್ಲಿಗೆ ಕಟ್ಟಿಯೂ ನೋಡಿದೆ. ಎಲೆ ಮುಂದೆ ಮಲ್ಲಿಗೆ ಇದ್ದರೆ ಹೋಳಿಗೆ ತುಪ್ಪದ ವಾಸನೆಯೇ ಮೂಗಿಗೆ ಬರುವುದಿಲ್ಲ. ಚೆಂಡು ಹೂವು, ಸೇವಂತಿಗೆ, ನಡುನಡುವೆ ವೀಳ್ಯದೆಲೆ, ಇಷ್ಟೇ ಸಾಕು. ಆಯುಧ ಪೂಜೆಯ ಹಿಂದಿನ ದಿನ ಹೂವಿನ ರೇಟು ಏರುತ್ತದೆ. ಎರಡು ದಿನ ಮೊದಲೇ ಅರೆಬಿರಿದ ಹೂವು ತಂದು ಒದ್ದೆ ಗೋಣಿ ಮುಚ್ಚಿಟ್ಟಿದ್ದಕ್ಕೆ ಈ ಸಲ ಎರಡು ಸಾವಿರದೊಳಗೆ ಮುಗಿಯಿತು.

ಎಲೆಯ ತುದಿ ಊಟ ಮಾಡುವವರ ಎಡಕ್ಕೆ ಬರಬೇಕು ಅನ್ನುವುದು ನಿಮಗೆಲ್ಲ ಗೊತ್ತು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಇವನ್ನು ಜನ ಕೂರುವ ಮೊದಲೇ ಬಡಿಸಿಬಿಡುತ್ತೇವೆ. ಬಿಸಿಯದ್ದೆಲ್ಲ ಕೂತ ಮೇಲೆ. ಹಿಂದೆ ಅನ್ನ ಸಾರು ಮೊದಲು ಹಾಕಿದ್ದೆವು. ಹೊಟ್ಟೆ ತುಂಬಿ 70 ಹೋಳಿಗೆ ಹಾಗೇ ಉಳಿದವು. ಈಗ ಚಿತ್ರಾನ್ನ ಒಂದು ಹಿಡಿ, ತಕ್ಷಣ ಹೋಳಿಗೆ ತುಪ್ಪ, ಆಮೇಲೆ ಅನ್ನ, ಹೋಳಿಗೆ ಸಾರು, ಹಪ್ಪಳ, ಕೊನೆಗೆ ಮಜ್ಜಿಗೆ. ಪ್ರತಿ ಐಟಂ ಒಂದೇ ತುದಿಯಿಂದ ಶುರುವಾದರೆ ಆಚೆ ತುದಿಯವರು ಪ್ರತಿ ಸಲವೂ ಕಾಯಬೇಕಾಗುತ್ತದೆ. ಹೋಳಿಗೆ ಬಾಗಿಲ ಕಡೆಯಿಂದ ಬಂದರೆ ಅನ್ನ ಗೋಡೆ ಕಡೆಯಿಂದ ಬರಲಿ.

ಪಂಕ್ತಿ ಎದ್ದ ಕೂಡಲೇ ಇಬ್ಬರು ದಬ್ಬೆ ಎತ್ತಿ ಗೋಡೆಗೆ ಒರಗಿಸಿದರು, ಇಬ್ಬರು ಎಲೆ ತೆಗೆದರು, ಇಬ್ಬರು ಒರೆಸಿದರು. ಹತ್ತು ನಿಮಿಷದಲ್ಲಿ ಮುಂದಿನ ಎಲೆ ಬಿತ್ತು. ಈಗ ದಬ್ಬೆಗಳನ್ನು ತೊಳೆದು, ಒಣಗಿಸಿ, ಗುಡಿಯ ಅಟ್ಟದಲ್ಲಿ ಕಟ್ಟಿಟ್ಟಿದ್ದೇವೆ. ದೀಪಾವಳಿಗೆ ಪಕ್ಕದ ಓಣಿಯವರು ಕೇಳಿದ್ದಾರೆ.